ಸಹಾಯ ಬೇಕು: ಎಂಗೇಜ್‌ಮೆಂಟ್ ರೇಟ್ ಯಾವುದರಿಂದ ಭಾಗಿಸಬೇಕು?

ನಮಸ್ಕಾರ ಎಲ್ಲರಿಗೂ. ಒಂದು ಸೀರೆ ಅಂಗಡಿಯ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುತ್ತಿದ್ದೇನೆ. ಫಾಲೋವರ್ಸ್ 8,000. ಎಂಗೇಜ್‌ಮೆಂಟ್ ರೇಟ್, ಅಂದರೆ ಪೋಸ್ಟ್‌ಗೆ ಶೇಕಡಾ ಎಷ್ಟು ಪ್ರತಿಕ್ರಿಯೆ ಬಂತು ಅನ್ನೋದನ್ನ, ತಿಂಗಳ ರಿಪೋರ್ಟ್‌ನಲ್ಲಿ ಯಾವ ಲೆಕ್ಕದಲ್ಲಿ ಹಾಕಬೇಕು ಅನ್ನೋದೇ ಪ್ರಶ್ನೆ.

ಒಂದು ರೀಲ್ 40,000 ಜನರಿಗೆ ತಲುಪಿತು, ವ್ಯೂಸ್ 60,000. ಲೈಕ್, ಕಾಮೆಂಟ್, ಸೇವ್, ಶೇರ್ ಎಲ್ಲ ಸೇರಿ 1,200. ಫಾಲೋವರ್ಸ್‌ನಿಂದ ಭಾಗಿಸಿದರೆ 15%, ರೀಚ್‌ನಿಂದ 3%, ವ್ಯೂಸ್‌ನಿಂದ 2%. ಅದೇ ವಾರ ಹಾಕಿದ ಫೋಟೋ ಪೋಸ್ಟ್‌ನ ರೀಚ್ ಬರೀ 2,000, ಪ್ರತಿಕ್ರಿಯೆ 160. ಫಾಲೋವರ್ಸ್ ಲೆಕ್ಕದಲ್ಲಿ 2%, ರೀಚ್ ಲೆಕ್ಕದಲ್ಲಿ 8%. ಗೆದ್ದಿದ್ದು ಯಾವುದು?

15% ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ ರೀಲ್ ನೋಡಿದವರಲ್ಲಿ ಬಹಳಷ್ಟು ಜನ ಫಾಲೋವರ್ಸ್ ಅಲ್ಲವೇ ಅಲ್ಲ, ಅವರ ಲೈಕ್ 1,200ರಲ್ಲಿ ಸೇರುತ್ತದೆ ಆದರೆ ಭಾಗಿಸುವ 8,000ದಲ್ಲಿ ಅವರಿಲ್ಲ. ಹಾಗಂತ 8% ಕೂಡ ಪೂರ್ತಿ ನಂಬೋ ಹಾಗಿಲ್ಲ. ಫೋಟೋ ತಲುಪಿದ್ದು ಹೆಚ್ಚಾಗಿ ಹಳೇ ಗಿರಾಕಿಗಳಿಗೆ, ಅವರು ಹೇಗೂ ಲೈಕ್ ಒತ್ತುತ್ತಾರೆ. ರೀಚ್ ಹಿಗ್ಗಿದಂತೆ ಅಪರಿಚಿತರು ಜಾಸ್ತಿಯಾಗಿ ರೇಟ್ ಇಳಿಯುತ್ತದೆ, ರೀಲ್ ಕೆಟ್ಟದಾಗಿದೆ ಅಂತಲ್ಲ. ವ್ಯೂಸ್‌ನಲ್ಲಿ ಒಬ್ಬರೇ ಮತ್ತೆ ಮತ್ತೆ ನೋಡಿದ್ದೂ ಸೇರುತ್ತದೆ, ಹಾಗಾಗಿ ಸೆರಗಿನ ಡಿಸೈನ್ ನೋಡೋಕೆ ಎರಡು ಸಲ ಪ್ಲೇ ಮಾಡಿದವರೇ ರೇಟ್ ಕೆಳಗಿಳಿಸುತ್ತಾರೆ!

ರೀಲ್‌ಗಳನ್ನು ರೀಲ್‌ಗಳ ಜೊತೆ, ಫೋಟೋಗಳನ್ನು ಫೋಟೋಗಳ ಜೊತೆ ಮಾತ್ರ ರೀಚ್ ಲೆಕ್ಕದಲ್ಲಿ ಹೋಲಿಸಿ, ಫಾಲೋವರ್ಸ್ ಅಲ್ಲದವರ ಪಾಲನ್ನು ಪಕ್ಕದಲ್ಲೇ ಬರೆಯೋಣ ಅಂತಿದ್ದೇನೆ. ಸರಿನಾ? ಬೇರೆ ಪೇಜ್‌ಗಳ ರೀಚ್ ನಮಗೆ ಕಾಣಲ್ಲ, ಅವರ ಜೊತೆ ಹೋಲಿಸೋಕೆ ನೀವು ಏನು ಬಳಸುತ್ತೀರಿ?