ಅಪ್‌ಡೇಟ್: ಮಂಡಿ ಲೆಕ್ಕದ ಬ್ಯಾಕಪ್

ನಾನು ಕೇಳಿದ್ದು: ತೀರ್ಥಹಳ್ಳಿಯ ನಮ್ಮ ಅಡಿಕೆ ಮಂಡಿಯ ಟ್ಯಾಲಿ ಲೆಕ್ಕ ಉಳಿಸಿಕೊಳ್ಳಲು ಪೆನ್‌ಡ್ರೈವ್ ಸಾಕಾ, ಹಾರ್ಡ್ ಡಿಸ್ಕ್ ಬೇಕಾ, ಕ್ಲೌಡ್‌ಗೆ ಹಾಕಬೇಕಾ?

ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಈಗ ಪೆನ್‌ಡ್ರೈವ್ ಆಡಿಟರ್ ಹತ್ತಿರ ಡೇಟಾ ಒಯ್ಯೋದಕ್ಕೆ ಮಾತ್ರ. ಸಂಜೆ ಟ್ಯಾಲಿಪ್ರೈಮ್‌ನಲ್ಲಿ `Alt+Y` ಒತ್ತಿ `Backup` ಕೊಡುತ್ತೇವೆ. ಆ ದಿನದ ತಾರೀಕಿನ ಹೊಸ ಫೋಲ್ಡರ್‌ಗೆ ಹಾಕುವುದರಿಂದ ಹಳೆಯದು ಅಳಿಯಲ್ಲ. ಅದರ ಒಂದು ಪ್ರತಿ ಹಾರ್ಡ್ ಡಿಸ್ಕ್‌ಗೆ, ಇನ್ನೊಂದು ಕ್ಲೌಡ್‌ಗೆ. ಕಾಪಿ ಮುಗಿದ ಕೂಡಲೇ ಡಿಸ್ಕ್ ಕಳಚಿ ಬೀರುವಿಗೆ. ನಮ್ಮ ಕಡೆ ಸಿಡಿಲು ಜಾಸ್ತಿ ಅಲ್ವಾ, ಸಿಕ್ಕಿಸಿಯೇ ಇಟ್ಟರೆ ಕಂಪ್ಯೂಟರ್ ಜೊತೆ ಅದೂ ಸುಡಬಹುದು. ವೈರಸ್ ಬಂದರೂ ಅಷ್ಟೇ.

ಟ್ಯಾಲಿಯ ಡೇಟಾ ಫೋಲ್ಡರನ್ನೇ ಕ್ಲೌಡ್‌ಗೆ ಸಿಂಕ್ ಮಾಡುವುದನ್ನು ಕೈಬಿಟ್ಟೆವು. ಇಲ್ಲಿ ಫೈಲ್ ಕೆಟ್ಟರೆ ಕೆಟ್ಟದ್ದೇ ಅಲ್ಲಿಗೂ ಹೋಗುತ್ತದೆ.

ನನಗೆ ನಿಜವಾಗಿ ಧೈರ್ಯ ಬಂದದ್ದು ರಿಸ್ಟೋರ್ ಮಾಡಿ ನೋಡಿದ ಮೇಲೆ. ಕ್ಲೌಡ್‌ನಿಂದ ಫೈಲ್ ಇಳಿಸಿ, ಬೇರೆ ಕಂಪ್ಯೂಟರಿನ ಖಾಲಿ ಫೋಲ್ಡರ್‌ಗೆ `Restore` ಕೊಟ್ಟೆ. ಚಾಲ್ತಿ ಡೇಟಾ ಇರುವ ಫೋಲ್ಡರ್‌ಗೆ ಕೊಡಬೇಡಿ, ಇವತ್ತಿನ ಲೆಕ್ಕದ ಮೇಲೆ ಹಳೆಯದು ಕೂರುತ್ತದೆ. ಆಮೇಲೆ ಟ್ರಯಲ್ ಬ್ಯಾಲೆನ್ಸ್ ಮತ್ತು ಕೊನೆಯ ವೋಚರ್ ಹೋಲಿಸಿದೆ. ಎರಡೂ ಸರಿಯಾಗಿ ತಾಳೆಯಾದವು.