ಅಪ್‌ಡೇಟ್: ಎಫ್‌ಡಿ ನಾಮಿನಿ ಭಾವನ ತಮ್ಮ, ದುಡ್ಡು ಯಾರದ್ದು?

ನನ್ನ ಪ್ರಶ್ನೆ: "ತೀರ್ಥಹಳ್ಳಿಯ ಭಾವ ವಿಲ್ ಬರೆಯದೆ ತೀರಿಕೊಂಡರು. 6 ಲಕ್ಷದ ಎಫ್‌ಡಿಗೆ ಮದುವೆಗೆ ಮುಂಚೆ ತಮ್ಮನನ್ನು ನಾಮಿನಿ ಮಾಡಿದ್ದರು. ಅಕ್ಕನಿಗೆ ಏನೂ ಇಲ್ವಾ?"

ಇದೆ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಇಸಿದುಕೊಳ್ಳುವವನು, ಅಷ್ಟೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗಳು, ತಾಯಿಗೆ ಸಮಪಾಲು, ತಲಾ 2 ಲಕ್ಷ. ಇವರಿರುವಾಗ ತಮ್ಮನಿಗೆ ಪಾಲಿಲ್ಲ.

ಎಡವೋದು ಇಲ್ಲೇ: "ಅವನಿಗೆ ಕೊಡಬೇಡಿ" ಅಂತ ಬ್ಯಾಂಕಿಗೆ ಅರ್ಜಿ ಬರೆದರೆ ಸಾಲದು. ಕೋರ್ಟ್ ಆದೇಶ ಇಲ್ಲದಿದ್ದರೆ ಬ್ಯಾಂಕ್ ಮರಣ ಪ್ರಮಾಣಪತ್ರ, ಗುರುತಿನ ಚೀಟಿ ನೋಡಿ ನಾಮಿನಿಗೇ ಕೊಡುತ್ತದೆ, ಅಲ್ಲಿಗೆ ಅದರ ಹೊಣೆ ಮುಗಿಯಿತು. ಆಮೇಲೆ ದಾವೆ ನಾಮಿನಿಯ ಮೇಲೆ. ಹಾಗಾಗಿ ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಭಾವನ ತಮ್ಮನನ್ನು ಕೂರಿಸಿಕೊಂಡು, ಬಂದ ಹಣ ಮೂವರ ಖಾತೆಗೆ ಹಾಕುವುದಾಗಿ ಬರೆಸಿಕೊಳ್ಳುವುದು ಒಳ್ಳೆಯದು. ಒಪ್ಪದಿದ್ದರೆ ತಡಮಾಡದೆ ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಬೇಕು.

ಷೇರುಗಳಿಗೂ ಇದೇ ನಿಯಮ, ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ವಿಮೆ ಸ್ವಲ್ಪ ತೊಡಕು. 2015ರ ತಿದ್ದುಪಡಿ ತಂದೆತಾಯಿ, ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದ್ದೇ ಎನ್ನುತ್ತದೆ. ಆದರೆ ತಾಯಿ ನಾಮಿನಿಯಾಗಿದ್ದ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2025ರಲ್ಲಿ ತಾಯಿ, ಹೆಂಡತಿ, ಮಗುವಿಗೆ ಮೂರು ಸಮಪಾಲು ಮಾಡಿತು. ಭಾವನ ಪಾಲಿಸಿಯಲ್ಲೂ ತಾಯಿಯೇ ನಾಮಿನಿ, ಅಕ್ಕ ಅದನ್ನೂ ಕೇಳಬಹುದು.