ತೆರಿಗೆ ನೂರು, ಖರ್ಚು ನೂರು: ಹೆಚ್ಚಿದ ಉತ್ಪಾದನೆ ಬಂದಿದ್ದೆಲ್ಲಿಂದ?

ಪ್ರಶ್ನೆ (ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ, ಮಂಡ್ಯ): ಸರ್, ಸರ್ಕಾರ ನೂರು ರೂಪಾಯಿ ಹೆಚ್ಚಿಗೆ ತೆರಿಗೆ ಹಾಕಿ ಅದೇ ನೂರನ್ನ ಖರ್ಚು ಮಾಡಿದ್ರೆ, ಉತ್ಪಾದನೆನೂ ಸರಿಯಾಗಿ ನೂರೇ ಹೆಚ್ಚುತ್ತೆ ಅಂತ ನೋಟ್ಸಲ್ಲಿದೆ. ಒಂದು ಜೇಬಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದ ಹಾಗಲ್ವಾ ಅದು? ಸೂತ್ರ ಹಾಕಿದ್ರೆ ಉತ್ತರ ಬರುತ್ತೆ, ತಲೆಗೆ ಮಾತ್ರ ಹೋಗ್ತಿಲ್ಲ.

ಅರ್ಥಶಾಸ್ತ್ರದ ನಿವೃತ್ತ ಮೇಷ್ಟ್ರು, ಸರಸ್ವತಿಪುರಂ: ಸೂತ್ರ ಪಕ್ಕಕ್ಕಿಡಮ್ಮ, ನಿಮ್ಮೂರಿನ ನಾಲೆಗೆ ಹೋಗೋಣ. ಬೇಸಿಗೆಯಲ್ಲಿ ನೀರು ನಿಲ್ಲಿಸಿದ ಮೇಲೆ ಒಂದು ಉಪನಾಲೆಯ ಹೂಳೆತ್ತಿಸಬೇಕು, 100 ಲಕ್ಷ ಬೇಕು ಅಂತಿಟ್ಟುಕೋ. ಆ ಹಣವನ್ನು ಸಾಲ ಮಾಡದೆ ಸುತ್ತಲಿನ ಮನೆಗಳಿಂದಲೇ, ಮನೆಗಿಷ್ಟು ಅಂತ ತೆರಿಗೆ ಹಾಕಿ ಎತ್ತುತ್ತಾರೆ. ಜನ ಕೈಗೆ ಬಂದ ರೂಪಾಯಿಯಲ್ಲಿ 80 ಪೈಸೆ ಖರ್ಚು ಮಾಡಿ 20 ಪೈಸೆ ಉಳಿಸುವವರು. ಅಂಕಿ ನನ್ನ ಊಹೆ, ಲೆಕ್ಕಕ್ಕೆ ಸಾಕು.

ಈಗ ತೆರಿಗೆ ಕಟ್ಟಿದ ಮನೆಯೊಳಗೆ ಏನಾಗುತ್ತೆ ನೋಡು. 100 ಲಕ್ಷ ಹೋಯ್ತು ಅಂತ ಅವರು ಅಂಗಡಿಯಲ್ಲಿ 100 ಲಕ್ಷ ಕಡಿಮೆ ಮಾಡೋದಿಲ್ಲ. ಹಬ್ಬದ ಬಟ್ಟೆ ಮುಂದಕ್ಕೆ ಹಾಕ್ತಾರೆ, ಹೋಟೆಲ್ ತಿಂಡಿ ಬಿಡ್ತಾರೆ, ಹೀಗೆ 80 ಲಕ್ಷ ಕಡಿತ. ಉಳಿದ 20 ಲಕ್ಷ ಉಳಿತಾಯದಿಂದ ಹೋಗುತ್ತೆ. ಈ ವರ್ಷ ಡಿಪಾಸಿಟ್ ಇಡೋದು ಬಿಟ್ಟರು ಅಷ್ಟೆ. ಆದರೆ ಸರ್ಕಾರದ ಕೈ ಸೇರಿದ 100 ಲಕ್ಷದಲ್ಲಿ ಒಂದು ಪೈಸೆಯೂ ಉಳಿತಾಯಕ್ಕೆ ಹೋಗಲ್ಲ, ಪೂರ್ತಿ ಹಣಕ್ಕೆ ಕೆಲಸ ಮಾಡಿಸಿಕೊಳ್ತಾರೆ. ನೂರು ಬೇಡಿಕೆ ಬಂತು, ಎಂಬತ್ತು ಹೋಯ್ತು. ನೀನು ಹೇಳಿದ ಎರಡು ಜೇಬಿಗೆ ಇರೋ ವ್ಯತ್ಯಾಸ ಆ 20 ಲಕ್ಷ.

ಆ 20 ಯಾರದೋ ಆದಾಯ. ಅವರು ಅದರಲ್ಲಿ 16 ಖರ್ಚು ಮಾಡ್ತಾರೆ, ಅದು ಇನ್ನೊಬ್ಬರ ಆದಾಯ, ಅವರು 12.8, ಮುಂದಿನವರು 10.24. ಕೊನೆಯವರೆಗೂ ಕೂಡುತ್ತಾ ಹೋದರೆ 100 ಲಕ್ಷ. ಉಳಿಸೋದು 20 ಪೈಸೆ ಬದಲು 40 ಪೈಸೆ ಅಂತ ಹಾಕಿ ನೋಡು: ಮೊದಲ ತಳ್ಳು 40 ಆಗುತ್ತೆ, ಆದರೆ ಸುತ್ತುಗಳು ಬೇಗ ಬತ್ತುತ್ತವೆ, ಮೊತ್ತ ಮತ್ತೆ 100.

ನಂಬಿಕೆ ಬರದಿದ್ದರೆ ಕೊನೆಯಿಂದ ಹಿಂದಕ್ಕೆ ನೋಡು. ಜನರ ಒಟ್ಟು ಆದಾಯ 100 ಏರಿತು, ತೆರಿಗೆ 100 ಏರಿತು, ಹಾಗಾಗಿ ಕೈಯಲ್ಲಿ ಉಳಿಯೋ ಹಣ ಮೊದಲಿನಷ್ಟೇ. ಅಂದಮೇಲೆ ಒಟ್ಟು ಅನುಭೋಗವೂ ಮೊದಲಿನಷ್ಟೇ. ಹೆಚ್ಚಾಗಿರೋದು ಹೂಳೆತ್ತಿದ ನಾಲೆ ಒಂದೇ, ಅದರ ಬೆಲೆ 100. ನಾರ್ವೆಯ ಹಾವೆಲ್ಮೊ 1945ರಲ್ಲಿ ಇದನ್ನು ಬಿಡಿಸಿ ಬರೆದರು. ನಾನು ಪಾಠ ಮಾಡುವಾಗಲೂ ಸುತ್ತುಗಳ ಲೆಕ್ಕಕ್ಕಿಂತ ಈ ಹಿಂದಿನ ದಾರಿಯೇ ಹುಡುಗರಿಗೆ ಬೇಗ ಹತ್ತುತ್ತಿತ್ತು.

ದಿನಸಿ ಅಂಗಡಿಯವರು, ಮೈಸೂರು: ಮೇಷ್ಟ್ರೇ, ನಾನು ಪ್ರತಿ ವರ್ಷ ತಪ್ಪದೆ ಕಂದಾಯ ಕಟ್ತೀನಿ. ನಮ್ಮ ಬೀದಿ ಚರಂಡಿ ಮೂರು ವರ್ಷದಿಂದ ಹಾಗೇ ಇದೆ. ಎಲ್ಲಿ ಹೆಚ್ಚಾಯ್ತು ಉತ್ಪಾದನೆ?

ಮೇಷ್ಟ್ರು: ಸ್ವಾಮಿ, ನಿಮ್ಮ ಕಂದಾಯ ಬಂದಿದೆ, ಖರ್ಚೇ ಆಗಿಲ್ಲ ಅಂದರೆ ಇಲ್ಲಿಯ ಪ್ರಶ್ನೆ ಅದಲ್ಲ. ಬರೀ ತೆರಿಗೆ ಏರಿಸಿ ಹಣ ಕಟ್ಟಿಟ್ಟರೆ 80ರ ಹೊಡೆತ ಮಾತ್ರ ಉಳಿಯುತ್ತೆ, ಅದು ಸುತ್ತಿ ಸುತ್ತಿ ನಿಮ್ಮ ಗಲ್ಲಾಪೆಟ್ಟಿಗೆಗೂ ಬರುತ್ತೆ.

ತೆರಿಗೆ ಸಲಹೆಗಾರ, ಮೈಸೂರು: ಸರಿಯಾಗಿದೆ ಸರ್. ಹಾಗಾದ್ರೆ ಗೃಹಲಕ್ಷ್ಮಿಯ ತಿಂಗಳ 2,000ಕ್ಕೂ ಇದೇ ಲೆಕ್ಕ. ತೆರಿಗೆ ಎತ್ತಿದ್ರು, ಹಂಚಿದ್ರು, ಅಷ್ಟೇ ಉತ್ಪಾದನೆ ಏರ್ತು.

ಮೇಷ್ಟ್ರು: ಅಲ್ಲ, ಇಲ್ಲೇ ಸುಮಾರು ಜನ ಜಾರೋದು. ನಾಲೆಗೆ ಕೊಟ್ಟ ನೂರು ಕೈ ಬಿಡುವ ಹೊತ್ತಿಗೇ ಒಂದು ಕೆಲಸ ಆಗಿಹೋಗಿರುತ್ತೆ. ಖಾತೆಗೆ ಹಾಕಿದ ನೂರು ಆ ಮನೆಯವರು ಖರ್ಚು ಮಾಡುವವರೆಗೆ ಉತ್ಪಾದನೆಯಲ್ಲ. ಕೊಟ್ಟವರೂ ತೆಗೆದುಕೊಂಡವರೂ 80 ಪೈಸೆಯವರೇ ಆದರೆ ಅಲ್ಲಿ 80 ಕಡಿಮೆ, ಇಲ್ಲಿ 80 ಹೆಚ್ಚು, ಮೊತ್ತ ಸೊನ್ನೆ. ನಿಜದಲ್ಲಿ ತೆರಿಗೆ ಕಟ್ಟುವವರು 70 ಪೈಸೆ, ಪಡೆಯುವ ತಾಯಂದಿರು 90 ಪೈಸೆ ಖರ್ಚು ಮಾಡುವವರಾದರೆ ಆ ಅಂತರದಿಂದ 20 ಹುಟ್ಟುತ್ತೆ. ಪರಿಣಾಮ ಇದೆ, ಆದರೆ ಅದು ಯಾರಿಂದ ಯಾರಿಗೆ ಹೋಯ್ತು ಅನ್ನೋದರ ಮೇಲೆ ನಿಂತಿದೆ.

ಸಿವಿಲ್ ಎಂಜಿನಿಯರ್, ಮಂಡ್ಯ: ನೂರಕ್ಕೆ ನೂರು ಅನ್ನೋದು ಪುಸ್ತಕದಲ್ಲಿ ಮಾತ್ರ ಸರ್. ಜನ ಕೊಳ್ಳೋ ಮೊಬೈಲು, ಎಣ್ಣೆ, ಸೋಪು ಎಲ್ಲ ಜಿಲ್ಲೆಯ ಹೊರಗಿಂದ ಬರೋದು. ದುಡ್ಡು ಸೋರಿಹೋಗುತ್ತೆ, ಮಂಡ್ಯಕ್ಕೆ ಎಲ್ಲಿ ನೂರು ಸಿಗುತ್ತೆ?

ಮೇಷ್ಟ್ರು: ಸೋರಿಕೆ ಇದೆ, ನೀವು ಹೇಳಿದ ಜಾಗದಲ್ಲಿ ಅಲ್ಲ. 80ರಲ್ಲಿ 30 ಹೊರಗಿನ ಮಾಲಿಗೆ ಹೋಗುತ್ತೆ ಅನ್ನೋಣ. ಹಾಗಿದ್ದರೆ ತೆರಿಗೆಯಿಂದ ಕಡಿತವಾದ 80ರಲ್ಲೂ 30ರ ಪೆಟ್ಟು ಹೊರಗಿನವರಿಗೇ ಬಿತ್ತಲ್ಲ! ನಮ್ಮೂರಿಗೆ ಬಿದ್ದ ಪೆಟ್ಟು 50. ನೂರರಲ್ಲಿ 50 ಕಳೆದರೆ ಮೊದಲ ತಳ್ಳು 50, ಆಮೇಲೆ 25, 12.5, ಕೂಡಿದರೆ ಮತ್ತೆ 100.

ನಿಜವಾದ ತೂತು ನಿಮ್ಮ ಅಂದಾಜು ಪಟ್ಟಿಯಲ್ಲಿದೆ. ಹೂಳೆತ್ತಲು ಜೆಸಿಬಿ ಬಾಡಿಗೆ, ಡೀಸೆಲ್, ಬಿಡಿಭಾಗ ಅಂತ 40 ಲಕ್ಷ ನೇರವಾಗಿ ಜಿಲ್ಲೆ ದಾಟಿದರೆ, ಇಲ್ಲಿ ಬಿದ್ದದ್ದು 60, ತೆರಿಗೆಯ ಪೆಟ್ಟು 50. ಉಳಿದ ತಳ್ಳು 10 ಮಾತ್ರ, ಎಲ್ಲ ಸುತ್ತು ಸೇರಿ 20 ಲಕ್ಷ. ಹೊರಗೆ ಹೋದದ್ದು ಅರ್ಧ ಆದರೆ ಲಾಭ ಸೊನ್ನೆ. ಅದಕ್ಕೂ ಮೀರಿದರೆ ನಾಲೆ ಶುದ್ಧವಾಗುತ್ತೆ, ಜಿಲ್ಲೆಯ ಆದಾಯ ಇಳಿಯುತ್ತೆ.

ಆಲೆಮನೆ ಇಟ್ಟಿರೋರು, ಪಾಂಡವಪುರ ಕಡೆ: ಸಾ, ಇನ್ನೊಂದು ಇಸ್ಯ. ಕಬ್ಬು ಕಟಾವು ಟೈಮಲ್ಲಿ ಆಳೇ ಸಿಗಾಕಿಲ್ಲ. ಆಗ ಸರ್ಕಾರದೋರು ಬಂದು ನಾಲೆ ಕೆಲ್ಸಕ್ಕೆ ಕರ್ಕಂಡೋದ್ರೆ ನನ್ ಗಾಣ ನಿಂತೋಯ್ತದೆ. ಅದೆಂಗ್ ಸಾ ನೂರು ಜಾಸ್ತಿ ಆಯ್ತದೆ?

ಮೇಷ್ಟ್ರು: ಆಗಲ್ಲಪ್ಪ, ನಿಮ್ಮ ಮಾತು ಪೂರಾ ನಿಜ. ಈ ಲೆಕ್ಕದ ಬುಡದಲ್ಲಿ ಒಂದು ಷರತ್ತಿದೆ: ಕೆಲಸಕ್ಕೆ ಕಾಯ್ತಾ ಕೂತಿರೋ ಕೈ ಇರಬೇಕು. ಎಲ್ಲರೂ ದುಡಿಮೆಯಲ್ಲಿದ್ದಾಗ ನಾಲೆಯ ನೂರು ಏರಿ ಬೆಲ್ಲದ ಲೆಕ್ಕ ಇಳಿಯುತ್ತೆ, ಕೂಲಿ ದರ ಏರುತ್ತೆ. ಗುರುತು ಹಿಡಿಯೋದು ಸುಲಭ. ಕೆಲಸ ಶುರುವಾದ ವಾರವೇ ಸುತ್ತಮುತ್ತ ಕೂಲಿ ಜಿಗಿದರೆ, ಖಾಲಿ ಕೈ ಇರಲಿಲ್ಲ ಅಂತ ಅರ್ಥ. ದರ ಹಾಗೇ ಇದ್ದು ಕೆಲಸ ಕೇಳಿಕೊಂಡು ಜನ ಬಂದರೆ ಗುಣಕ, ಅಂದರೆ ಒಂದು ರೂಪಾಯಿ ಖರ್ಚಿಗೆ ಉತ್ಪಾದನೆ ಎಷ್ಟು ಪಟ್ಟು ಏರುತ್ತೆ ಅನ್ನೋ ಈ ಲೆಕ್ಕ, ನಡೀತಿದೆ.

ವಿದ್ಯಾರ್ಥಿನಿ: ಈಗ ಅರ್ಥವಾಯ್ತು ಸರ್. ಪರೀಕ್ಷೆಯಲ್ಲಿ ತೆರಿಗೆ ಆದಾಯದ ಶೇಕಡಾ ಇಷ್ಟು ಅಂತ ಕೊಟ್ರೂ ಗುಣಕ ಒಂದು ಅಂತಲೇ ಬರೆಯಬಹುದಾ?

ಮೇಷ್ಟ್ರು: ದರ ಏರಿಸಿದ ಮೇಲೆ, ಆದಾಯ ಏರಿದ್ದೂ ಸೇರಿಸಿ ಕೊನೆಗೆ ವಸೂಲಾದ ತೆರಿಗೆ ಖರ್ಚಿಗೆ ಸರಿಸಮ ಅಂತ ಇದ್ದರೆ ಒಂದೇ. ದರ ಹಾಗೇ ಇದ್ದು ಮನೆಗಿಷ್ಟು ಅಂತ ನೂರು ಹೆಚ್ಚಿಸಿದರು ಅಂದರೆ ಒಂದಕ್ಕಿಂತ ಕಡಿಮೆ; ಹೊಸ ಆದಾಯದಿಂದಲೂ ತೆರಿಗೆ ಬಂದು ಬಜೆಟ್ ಕೊನೆಗೆ ಸಮವಾಗಿರದೆ ಮಿಗತೆಯಾಗಿರುತ್ತೆ. ಪ್ರಶ್ನೆಯನ್ನು ಎರಡು ಸಲ ಓದು.

ಸಿವಿಲ್ ಎಂಜಿನಿಯರ್: ಜೆಸಿಬಿ ಬಿಟ್ಟು ಆಳಲ್ಲೇ ಮಾಡಿಸಿ ಅಂದಂಗಾಯ್ತು ಸರ್ ನಿಮ್ಮ ಮಾತು. ನೀರು ಬಿಡೋ ದಿನದೊಳಗೆ ಮುಗಿಯೋದಿಲ್ಲ. ಅರ್ಧ ಎತ್ತಿದ ಹೂಳಿನ ಮೇಲೆ ನೀರು ಹರಿದ್ರೆ ಕೊನೇ ಭಾಗದ ಗದ್ದೆಗೆ ತಲುಪಲ್ಲ, ಆ ಬೆಳೆ ನಷ್ಟವನ್ನ ಯಾವ ಸುತ್ತಲ್ಲಿ ಹಾಕ್ತೀರಿ?

ಆಲೆಮನೆಯವರು: ಕೊನೇ ಭಾಗದಲ್ಲೇ ಸಾ ನಮ್ ಗದ್ದೆ ಇರೋದು. ಜೆಸಿಬಿನೇ ತರ್ಸಿ.